ಮಳೆಗಾಲದಲ್ಲಿ ಎಂಟು ಸಾವಿರ ರಟ್ಟಿನ ಪೆಟ್ಟಿಗೆಗಳನ್ನು ಕಂತಿನಲ್ಲಿ ತರಿಸಿದ ಬಗೆ

ಕುಮಟಾದಲ್ಲಿ ಮುರುಗಲು ಸಿರಪ್ ತಯಾರಿಸುವ ನಮ್ಮ ಸಣ್ಣ ಘಟಕಕ್ಕೆ ಹನ್ನೆರಡು ಬಾಟಲಿ ಹಿಡಿಯುವ ಐದು ಪದರದ ರಟ್ಟಿನ ಪೆಟ್ಟಿಗೆಗಳು ಬೇಕಾಗುತ್ತವೆ. ಹುಬ್ಬಳ್ಳಿಯ ತಯಾರಕರು ಎಂಟು ಸಾವಿರ ಪೆಟ್ಟಿಗೆಗಳನ್ನು ಒಮ್ಮೆಲೇ ಕೊಂಡರೆ ತಲಾ 34 ರೂಪಾಯಿ, ಎರಡು ಸಾವಿರದಂತೆ ಬಿಡಿ ಆರ್ಡರ್ ಕೊಟ್ಟರೆ 39 ರೂಪಾಯಿ ಎಂದು ದರ ಹೇಳಿದರು. ಆದರೆ ಕರಾವಳಿಯ ಮಳೆಗಾಲದಲ್ಲಿ ರಟ್ಟನ್ನು ರಾಶಿ ಹಾಕಿಡುವುದು ನಷ್ಟದ ಕೆಲಸ. ತೇವ ಹೀರಿದ ರಟ್ಟಿನ ಭಾರ ಹೊರುವ ಶಕ್ತಿ ಅರ್ಧದಷ್ಟಕ್ಕೆ ಇಳಿಯಬಹುದು. ಅಂಥ ಪೆಟ್ಟಿಗೆಯ ಮುಚ್ಚಳ ಮಡಚುವಾಗ ಸದ್ದಿಲ್ಲದೆ ಬಟ್ಟೆಯಂತೆ ಬಾಗುತ್ತದೆ. ಬಾಟಲಿ ತುಂಬಿ ಪೇರಿಸಿದರೆ ಕೆಳಗಿನ ಸಾಲಿನವು ಹೊಟ್ಟೆ ಉಬ್ಬಿಸಿಕೊಂಡು ನಿಲ್ಲುತ್ತವೆ.

ಹಾಗಾಗಿ ದೊಡ್ಡ ಆರ್ಡರಿನ ದರದಲ್ಲೇ, ಮೇ ಕೊನೆಯಿಂದ ಜುಲೈ ಕೊನೆಯವರೆಗೆ, ನಾಲ್ಕು ಕಂತಿನಲ್ಲಿ ಮಾಲು ಕಳಿಸಬೇಕೆಂದು ಕೇಳಲು ನಿರ್ಧರಿಸಿದೆ. ಕೇಳುವ ಮೊದಲು, ದೊಡ್ಡ ಆರ್ಡರಿಗೆ ಅವರು ದರ ಇಳಿಸುವುದು ಯಾವ ಕಾರಣಕ್ಕೆ ಎಂಬುದನ್ನು ವಿಚಾರಿಸಿಕೊಂಡೆ. ಕಾಗದದ ರೀಲನ್ನು ಒಟ್ಟಿಗೆ ಖರೀದಿಸುವುದು ಮತ್ತು ಯಂತ್ರಕ್ಕೆ ಮುದ್ರಣದ ಅಚ್ಚನ್ನು ಒಂದೇ ಸಲ ಕೂರಿಸುವುದು, ಈ ಎರಡರಲ್ಲಿ ಅವರಿಗೆ ಉಳಿತಾಯವಿತ್ತು. ಮಾಲು ಒಂದೇ ದಿನ ಹೊರಡುವುದಕ್ಕೂ ಈ ಉಳಿತಾಯಕ್ಕೂ ಸಂಬಂಧವಿರಲಿಲ್ಲ. ಕಂತಿನಿಂದ ಅವರಿಗೆ ಆಗುವ ತೊಂದರೆ ಬೇರೆಯದು: ಗೋದಾಮಿನ ಜಾಗ ಮತ್ತು ಸಿಕ್ಕಿಕೊಳ್ಳುವ ಹಣ. ಫೋನಿನಲ್ಲಿ ಅವರು ಅದನ್ನೇ ಹೇಳಿದರು: “ಮಾಲು ನಿಮ್ದು, ಜಾಗ ನಮ್ದು ಅಂದ್ರ ಹೆಂಗ್ರೀ ಸರ?”

ಅವರ ಆಕ್ಷೇಪ ನ್ಯಾಯವಾದದ್ದೇ ಆಗಿತ್ತು. ಆದ್ದರಿಂದ ನನ್ನ ಪತ್ರದಲ್ಲಿ ಬೇಡಿಕೆಗಿಂತ ಮೊದಲು ನಾವು ಕೊಡುವುದನ್ನು ಬರೆದೆ: “ಎಂಟು ಸಾವಿರಕ್ಕೂ ಇದು ಒಂದೇ ಖರೀದಿ ಆದೇಶವಾಗಿದ್ದು, ಕಾಗದದ ಖರೀದಿಗೆ ಶೇ. 30 ಮುಂಗಡ ಕೊಡುತ್ತೇವೆ. ಪ್ರತಿ ಕಂತಿನ ಹಣವನ್ನು ಮಾಲು ತಲುಪಿದ ಏಳು ದಿನಗಳೊಳಗೆ ಪಾವತಿಸುತ್ತೇವೆ. ಜುಲೈ 31ರೊಳಗೆ ಕೊನೆಯ ಕಂತನ್ನು ತಪ್ಪದೆ ಎತ್ತುತ್ತೇವೆ. ಅನಂತರ ಉಳಿದರೆ ಗೋದಾಮಿನ ಬಾಡಿಗೆ ನಮ್ಮದು. ಅಲ್ಲಿಯವರೆಗೆ ದರ ಬದಲಾಗಬಾರದು.” ಅವರನ್ನು ಒಪ್ಪಿಸಿದ್ದು ಕೊನೆಯ ದಿನಾಂಕವೇ ಎಂದು ನನ್ನ ಅಂದಾಜು. ಗ್ರಾಹಕರು ಮಧ್ಯದಲ್ಲಿ ಕೈಬಿಟ್ಟರೆ ಹೆಸರು ಮುದ್ರಿಸಿದ ಪೆಟ್ಟಿಗೆಯನ್ನು ಅವರು ಬೇರೆ ಯಾರಿಗೂ ಮಾರುವಂತಿಲ್ಲ.

ಮುಂಗಡದ ವಿಷಯದಲ್ಲಿ ಮಾತ್ರ ಎಳೆದಾಟ ನಡೆಯಿತು. ಅದನ್ನು ಮೊದಲ ಕಂತಿನಲ್ಲೇ ವಜಾ ಮಾಡಿದರೆ ಉಳಿದ ಕಂತುಗಳಿಗೆ ಅವರ ಕೈಯಲ್ಲಿ ಭದ್ರತೆ ಇರುವುದಿಲ್ಲ; ಪೂರ್ತಿ ಕೊನೆಗೆ ಇಟ್ಟರೆ ನಮ್ಮ ಹಣ ಎರಡು ತಿಂಗಳು ಸುಮ್ಮನೆ ಕೂರುತ್ತದೆ. ಕೊನೆಯ ಎರಡು ಕಂತುಗಳಲ್ಲಿ ವಜಾ ಮಾಡುವುದೆಂದು ತೀರ್ಮಾನವಾಯಿತು.

ಕಂತುಗಳನ್ನು ಸಮನಾಗಿ ಹಂಚದೆ, ನಮ್ಮ ಬಾಟಲಿ ತುಂಬುವ ವೇಗಕ್ಕೆ ತಕ್ಕಂತೆ 2,500, 2,500, 2,000, 1,000 ಎಂದು ಇಟ್ಟೆ. ಮೊದಲ ಮೂರು ಸಣ್ಣ ಲಾರಿಯಲ್ಲಿ ತಲಾ 6,500 ರೂಪಾಯಿ ಬಾಡಿಗೆಗೆ ಬಂದವು. ಕೊನೆಯ ಸಾವಿರವನ್ನು ಅಂಕೋಲೆಗೆ ಬರುವ ಬೇರೆಯವರ ಮಾಲಿನ ಜೊತೆ ಸೇರಿಸಿ 2,500ಕ್ಕೆ ತರಿಸಿದೆವು. ಒಟ್ಟು 22,000. ಒಂದೇ ದೊಡ್ಡ ಲಾರಿಗೆ 12,000 ಆಗುತ್ತಿತ್ತು. ಅಂದರೆ ಕಂತಿಗಾಗಿ ಹೆಚ್ಚು ತೆತ್ತದ್ದು ಪೆಟ್ಟಿಗೆಗೆ ಒಂದೂಕಾಲು ರೂಪಾಯಿ. ದರದಲ್ಲಿ ಉಳಿದದ್ದು ಐದು ರೂಪಾಯಿ.

ಪ್ರತಿ ಕಂತಿಗೂ ಪ್ರತ್ಯೇಕ ಇನ್‌ವಾಯ್ಸ್ ಬೇಕೆಂದು ಆದೇಶದಲ್ಲೇ ಬರೆದಿದ್ದೆ. ಒಂದೇ ಇನ್‌ವಾಯ್ಸಿನ ಮಾಲು ಕಂತಿನಲ್ಲಿ ಬಂದರೆ, ಜಿಎಸ್‌ಟಿ ಕಾನೂನಿನ ಪ್ರಕಾರ ಹೂಡುವಳಿ ತೆರಿಗೆಯ ಕ್ರೆಡಿಟ್ ಸಿಗುವುದು ಕೊನೆಯ ಕಂತು ಕೈಸೇರಿದ ಮೇಲೆಯೇ. ಇನ್‌ವಾಯ್ಸ್ ಬೇರೆಯಾದರೆ ಇ-ವೇ ಬಿಲ್ಲಿನ ಲೆಕ್ಕವೂ ಬೇರೆ: ಮೊದಲ ಮೂರು ಕಂತುಗಳ ಮೌಲ್ಯ 50,000 ರೂಪಾಯಿ ದಾಟಿದ್ದರಿಂದ ಪ್ರತಿಯೊಂದಕ್ಕೂ ಅದು ಬೇಕಾಯಿತು.

ಕಂತು ಕಂತಿಗೆ ಕಾಗದ ತೆಳುವಾಗುವ ಸಾಧ್ಯತೆ ಇರುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಮೊದಲ ಕಂತಿನ ಹತ್ತು ಪೆಟ್ಟಿಗೆಗಳ ತೂಕ ಬರೆದಿಟ್ಟುಕೊಂಡು, ಮುಂದಿನವುಗಳನ್ನು ಲಾರಿಯಿಂದ ಇಳಿಸಿದ ಕೂಡಲೇ ತೂಗಿ ಹೋಲಿಸಿದೆವು. ಮರುದಿನಕ್ಕೆ ಬಿಟ್ಟರೆ ನಮ್ಮ ಗಾಳಿಯ ತೇವವೇ ತೂಕ ಏರಿಸಿ, ಕಡಿಮೆ ಕಾಗದವನ್ನು ಮುಚ್ಚಿಹಾಕುತ್ತದೆ.

ದಿನಾಂಕಗಳನ್ನು ಕೂಡ ದಿನಕ್ಕೆ ಬಿಗಿಯದೆ ವಾರವೆಂದು ಬರೆದಿದ್ದೆವು. ಹೊರಡುವ ಮೂರು ದಿನ ಮೊದಲು ನಾನು ಫೋನ್ ಮಾಡಿ ದೃಢಪಡಿಸುವುದು ಎಂಬ ಒಪ್ಪಂದವಿತ್ತು. ಜುಲೈನ ಮಳೆಯಲ್ಲಿ ಅರಬೈಲ್ ಘಟ್ಟ ಯಾವಾಗ ಮುಚ್ಚುತ್ತದೆ ಎಂದು ಹೇಳಲಾಗದು. ಅದಕ್ಕಾಗಿಯೇ ಹತ್ತು ದಿನಗಳಿಗೆ ಸಾಕಾಗುವಷ್ಟು ಪೆಟ್ಟಿಗೆಗಳು ಉಳಿದಿರುವಾಗಲೇ ಮೂರನೆಯ ಕಂತನ್ನು ಕರೆಸಿದೆ. ಆ ಉಳಿಕೆಯನ್ನು ನೆಲದಿಂದ ಎತ್ತರಿಸಿದ ಮರದ ಹಲಗೆಗಳ ಮೇಲೆ, ಗೋಡೆಗೆ ತಾಗದಂತೆ, ಪ್ಲಾಸ್ಟಿಕ್ ಹೊದೆಸಿ ಇಟ್ಟಿದ್ದೆವು. ಅಷ್ಟು ಸ್ವಲ್ಪ ಮಾಲಿಗೆ ಆ ವ್ಯವಸ್ಥೆ ಸಾಕಾಯಿತು.