ನಾಲ್ಕು ಸಾಲು, ಒಂದೇ ನಮಸ್ಕಾರ

ಪುಣೆಯ ಕೊತ್ರೂಡಿನಲ್ಲಿರುವ ನಮ್ಮ ಸೊಸೈಟಿಯ ಗಚ್ಚಿಯ ಮೇಲೆ ಬೆಳಿಗ್ಗೆ ಆರೇಳು ಮಂದಿ ಕನ್ನಡದ ಹೆಣ್ಣುಮಕ್ಕಳು ಸೇರುತ್ತೇವೆ. ಸೂರ್ಯನ ಶ್ಲೋಕವನ್ನು ಹೊಸಬರಿಗೆ ಕಲಿಸಲು ಒಂದು ನಿಮಿಷದೊಳಗಿನ ವಿಡಿಯೊ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆರಿಸಿಕೊಂಡದ್ದು ಎಲ್ಲರ ಮನೆಯಲ್ಲೂ ಕೇಳಿಬರುವ ನವಗ್ರಹ ಸ್ತೋತ್ರದ ಮೊದಲ ಶ್ಲೋಕ:

ಜಪಾಕುಸುಮಸಂಕಾಶಂ
ಕಾಶ್ಯಪೇಯಂ ಮಹಾದ್ಯುತಿಮ್
ತಮೋಽರಿಂ ಸರ್ವಪಾಪಘ್ನಂ
ಪ್ರಣತೋಽಸ್ಮಿ ದಿವಾಕರಮ್

ಮೊದಲ ಸಲ ಸಾಲಿಗೊಮ್ಮೆ ಬಗ್ಗಿ ಕೈ ಮುಗಿದೆ, ಸಾಲು ಮುಗಿದ ಕೂಡಲೇ ಅರ್ಥವನ್ನೂ ಹೇಳಿದೆ. ಅದನ್ನು ನೋಡಿದ ಅತ್ತೆ, "ನಾಲ್ಕು ಸಲ ಯಾಕೆ ಬಗ್ಗಿದೆ? ಶ್ಲೋಕದಲ್ಲಿ ನಮಸ್ಕಾರ ಇರುವುದು ಒಂದೇ ಕಡೆ" ಎಂದರು. ಶ್ಲೋಕವನ್ನು ಬಿಡಿಸಿ ನೋಡಿದರೆ ಅವರ ಮಾತೇ ಸರಿ. ಇಡೀ ಶ್ಲೋಕ ಒಂದೇ ವಾಕ್ಯ. ಮೊದಲ ಮೂರು ಸಾಲುಗಳು ಸೂರ್ಯನ ವಿಶೇಷಣಗಳು, ಎಲ್ಲವೂ ದ್ವಿತೀಯಾ ವಿಭಕ್ತಿಯಲ್ಲಿ ಕ್ರಿಯೆಗಾಗಿ ಕಾದು ನಿಂತಿವೆ. 'ಇಂಥವನನ್ನು, ಇಂಥವನನ್ನು, ಇಂಥವನನ್ನು' ಎಂದು ಹೇಳುತ್ತಾ ಬಂದು ನಾಲ್ಕನೆಯ ಸಾಲಿನಲ್ಲಿ 'ನಮಸ್ಕರಿಸಿದ್ದೇನೆ' ಎನ್ನುತ್ತದೆ. ಹಾಗಾದರೆ ಮೈಯೂ ಅಲ್ಲಿಯವರೆಗೆ ಕಾಯಬೇಕು.

ಹೀಗಾಗಿ ಮೂರು ಸಾಲು ನೆಟ್ಟಗೆ ನಿಲ್ಲುವುದು. ಪಾದಗಳ ನಡುವೆ ಒಂದು ಗೇಣು ಅಂತರ, ಮಂಡಿ ಬಿಗಿಯದೆ ಸಡಿಲ, ಮುಗಿದ ಕೈಗಳ ಹೆಬ್ಬೆರಳು ಎದೆಯ ನಡುವಿಗೆ ತಾಗಿರಬೇಕು. ಹೊಸಬರು ಮೊಣಕೈಯನ್ನು ಬಿಗಿಯಾಗಿ ಎತ್ತಿ ಹಿಡಿಯುತ್ತಾರೆ. ಆಗ ಭುಜ ಕಿವಿಯ ಕಡೆಗೆ ಏರಿ ಉಸಿರು ಎದೆಯ ಮೇಲ್ಭಾಗದಲ್ಲೇ ನಿಲ್ಲುತ್ತದೆ. ನಾಲ್ಕನೆಯ ಸಾಲಿಗೆ ಸೊಂಟದಿಂದ ಮೆಲ್ಲಗೆ ಬಾಗುವುದು. ತಲೆಸುತ್ತು ಬರುವವರು ಕುರ್ಚಿಯಲ್ಲಿ ಕುಳಿತು ತಲೆಯನ್ನಷ್ಟೇ ಬಾಗಿಸಲಿ, ಅತ್ತೆ ಹಾಗೇ ಮಾಡುತ್ತಾರೆ. ದೃಷ್ಟಿ ಸೂರ್ಯನ ಮೇಲೆ ನೆಡಬಾರದು, ಕೈಬೆರಳುಗಳ ತುದಿಯ ಮೇಲಿರಲಿ. ಕೆಂಪಗೆ ತಂಪಾಗಿ ಕಂಡರೂ ಬಿಂಬವನ್ನು ದಿಟ್ಟಿಸುವುದು ಕಣ್ಣಿಗೆ ಅಪಾಯ.

ಉಸಿರಿನ ಲೆಕ್ಕವನ್ನು ಛಂದಸ್ಸೇ ಕೊಡುತ್ತದೆ. ಇದು ಅನುಷ್ಟುಪ್, ಸಾಲಿಗೆ ಎಂಟು ಅಕ್ಷರ. ಮೂಗಿನಿಂದ ಸುಮಾರು ಮೂರು ಸೆಕೆಂಡ್ ಉಸಿರೆಳೆದು, ಬಿಡುತ್ತಾ ಐದು ಸೆಕೆಂಡಿನಲ್ಲಿ ಒಂದು ಸಾಲು ಹೇಳಿದರೆ ಯಾರಿಗೂ ಏದುಸಿರು ಬರುವುದಿಲ್ಲ. ತಪ್ಪು ಗೊತ್ತಾಗುವುದು ಮೂರನೆಯ ಸಾಲಿನಲ್ಲಿ. 'ಪಾಪ' ಎನ್ನುವಷ್ಟರಲ್ಲಿ ದನಿ ಸೋತು 'ಘ್ನಂ' ನುಂಗಿಹೋದರೆ ಉಸಿರು ಕಡಿಮೆ ಎಳೆದಿದ್ದೀರಿ ಎಂದರ್ಥ. ಆ ಸಾಲನ್ನು 'ತಮೋ ಅರಿಂ' ಎಂದು ಬಿಡಿಸಿ ಹೇಳುವವರಿಗೆ ಅಕ್ಷರ ಒಂಬತ್ತಾಗಿ ತಾಳವೂ ತಪ್ಪುತ್ತದೆ. ಅಲ್ಲಿ 'ಅ' ಲೋಪವಾಗಿದೆ, 'ತಮೋರಿಂ' ಎಂದೇ ಉಚ್ಚರಿಸಬೇಕು.

ಅರ್ಥಕ್ಕೆ ಬಂದಾಗ ಮೊದಲ ಪದಕ್ಕೇ ತಡೆ. 'ಜಪಾ' ಎಂದರೆ ಜಪವೆಂದೇ ಹೆಚ್ಚಿನವರು ತಿಳಿದಿದ್ದರು. ಅದು ದಾಸವಾಳ, ಇಲ್ಲಿನವರು ಗಣಪತಿಗೆ ಏರಿಸುವ ಜಾಸ್ವಂದ. ದಾಸವಾಳದ ಹೂವಿನಂತೆ ಹೊಳೆಯುವವನು ಎಂಬುದು ಬರೀ ಅಲಂಕಾರವಲ್ಲ, ಅದರಲ್ಲಿ ಹೊತ್ತೂ ಇದೆ. ಸೂರ್ಯ ದಿಗಂತದಲ್ಲಿರುವಾಗ ಬೆಳಕು ಹೆಚ್ಚು ಗಾಳಿಯನ್ನು ಹಾದು ಬರುವುದರಿಂದ ನೀಲಿ ಚದುರಿ ಕೆಂಪು ಉಳಿಯುತ್ತದೆ. ಆ ಬಣ್ಣ ಬಹಳ ಹೊತ್ತು ಇರುವುದಿಲ್ಲ. ಎಂಟು ಗಂಟೆಗೆ ಎದ್ದು ಹೇಳಿದರೆ ತಪ್ಪೇನಿಲ್ಲ, ಆದರೆ ಎದುರಿಗೆ ದಾಸವಾಳ ಇರುವುದಿಲ್ಲ.

ಎರಡನೆಯ ಸಾಲು 'ಕಶ್ಯಪನ ಮಗ, ಮಹಾಕಾಂತಿಯುಳ್ಳವನು'. ಕಾಶಿಗೂ ಇದಕ್ಕೂ ಸಂಬಂಧವಿಲ್ಲ. ಮೂರನೆಯದು 'ಕತ್ತಲೆಯ ಶತ್ರು, ಎಲ್ಲ ಪಾಪಗಳನ್ನು ಕಳೆಯುವವನು'. ದಿವಾಕರನೆಂದರೆ ಹಗಲನ್ನು ಮಾಡುವವನು.

ಎರಡನೆಯ ಸಲ ಚಿತ್ರೀಕರಿಸುವಾಗ ನಾನು ಅರ್ಥ ಹೇಳಲೇ ಇಲ್ಲ. ಮೊದಲ ವಿಡಿಯೊದಲ್ಲಿ ನನ್ನ ವಿವರಣೆ ಮುಗಿಯುವವರೆಗೆ ನೋಡುವವರು ಉಸಿರು ಕಟ್ಟಿ ನಿಲ್ಲಬೇಕಾಗಿತ್ತು. ಈಗ ಉಸಿರೆಳೆಯುವ ಆ ಮೂರು ಸೆಕೆಂಡಿನಲ್ಲಿ ಪರದೆಯ ಮೇಲೆ 'ದಾಸವಾಳದಂಥವನನ್ನು' ಎಂದಷ್ಟೇ ಮೂಡುತ್ತದೆ, ಆಮೇಲೆ ಸಾಲು ಕೇಳಿಸುತ್ತದೆ. ನಾಲ್ಕು ಸಾಲಿಗೆ 32 ಸೆಕೆಂಡ್. ನಿಲ್ಲುವ ಭಂಗಿ ತೋರಿಸುವುದಕ್ಕೂ ಕೊನೆಯಲ್ಲಿ ಉಸಿರೆಳೆಯುತ್ತಾ ಮೇಲೇಳುವುದಕ್ಕೂ ಸೇರಿ 50ರೊಳಗೆ ಮುಗಿಯಿತು.

ಒಂದು ತಕರಾರು ಮಾತ್ರ ಉಳಿಯಿತು. ಸಂಸ್ಕೃತ ಓದುತ್ತಿರುವ ಮಗಳು, ಪ್ರಣತಃ ಪುಲ್ಲಿಂಗವಲ್ಲವೇ, ಹೆಂಗಸರು 'ಪ್ರಣತಾಸ್ಮಿ' ಎನ್ನಬೇಕಲ್ಲವೇ ಎಂದಳು. ವ್ಯಾಕರಣದ ಪ್ರಕಾರ ಹೌದು, ಅಕ್ಷರವೂ ಎಂಟೇ ಉಳಿಯುತ್ತದೆ. ಅತ್ತೆ ಒಪ್ಪಲಿಲ್ಲ. ಚಿಕ್ಕಂದಿನಿಂದ ಹೇಳಿಕೊಂಡು ಬಂದದ್ದನ್ನು ಈಗ ತಿದ್ದಲಾರೆ ಎಂದರು. ವಿಡಿಯೊದಲ್ಲಿ 'ಪ್ರಣತೋಽಸ್ಮಿ' ಎಂದೇ ಇದೆ, ಮಗಳು ಗಚ್ಚಿಯ ಮೇಲೆ ತನ್ನದನ್ನೇ ಹೇಳುತ್ತಾಳೆ.