ಕಂಪಿಸುವ ತಂತಿಯ ವರದಿ: ಚರ್ಚೆ ಬರೆಯುವ ಮುಂಚೆ ಗೆರೆ ನೋಡಿ
ಸ್ಥಾಯಿ ಅಲೆಗಳ ವರದಿಯಲ್ಲಿ ಚರ್ಚೆ ಭಾಗ ಶುರು ಮಾಡುವ ಮುಂಚೆ, ತೂಗುಹಾಕಿದ ದ್ರವ್ಯರಾಶಿಗೆ ಎದುರಾಗಿ ಆವೃತ್ತಿಯ ವರ್ಗದ ಗ್ರಾಫ್ ಹಾಕಿ. ತಂತಿಯ ಉದ್ದ, ಕುಣಿಕೆಗಳ ಸಂಖ್ಯೆ ಬದಲಾಗಬಾರದು. ಗೆರೆಯನ್ನು ಹಿಂದಕ್ಕೆ ಎಳೆದಾಗ ಅದು ಸೊನ್ನೆಯ ಬದಲು −50 ಗ್ರಾಂ ಹತ್ತಿರ ಅಡ್ಡ ಅಕ್ಷವನ್ನು ಮುಟ್ಟಿದರೆ, 50 ಗ್ರಾಂನ ಹ್ಯಾಂಗರ್ ತೂಕ ಸೇರಿಸಿಲ್ಲ ಅಂತ ಅನುಮಾನಿಸಬಹುದು. ಹ್ಯಾಂಗರ್ ತೂಗಿ ನೋಡಿ, ಸಿಕ್ಕಿದ್ದನ್ನೇ ಮೊದಲ ವಾಕ್ಯವಾಗಿ ಬರೆಯಿರಿ. ಬಿಟ್ಟುಹೋದ ತೂಕ ಗೆರೆಯನ್ನು ಪಕ್ಕಕ್ಕೆ ಸರಿಸುತ್ತದೆ ಅಷ್ಟೇ. ಉದ್ದದ ಅಳತೆ ತಪ್ಪಿದ್ದರೆ ಗೆರೆ ಸರಿಯುವುದಿಲ್ಲ, ಇಳಿಜಾರಿನಿಂದ ಲೆಕ್ಕ ಹಾಕಿದ ಉತ್ತರ ತಪ್ಪುತ್ತದೆ. ಹಾಗಾಗಿ ಸುಮ್ನೆ ‘ಮಾನವ ದೋಷ’ ಅಂತ ಬರೆಯಬೇಕಾಗಿಲ್ಲ. ಆದರೆ ತಂತಿ ಜಾಸ್ತಿ ಹಿಗ್ಗುವಂಥದ್ದಾದರೆ ಈ ಉಪಾಯ ನಡೆಯುವುದಿಲ್ಲ: ಭಾರ ಹೆಚ್ಚಿದಂತೆ ತಂತಿ ತೆಳುವಾಗಿ, ಗೆರೆ ಮೇಲಕ್ಕೆ ಬಾಗುತ್ತದೆ.