ಬೆಳಗಿನ ವರದಿ ಮೇಲ್ ತಲುಪಿತಾ, ಯಾರಾದರೂ ನೋಡಿದರಾ?

ನಮ್ಮ ಶಾಖಾ ಮ್ಯಾನೇಜರ್‌ಗಳಿಗೆ ದಿನಾ ಬೆಳಿಗ್ಗೆ 7 ಗಂಟೆಗೆ ಹಿಂದಿನ ದಿನದ ಮಾರಾಟದ ವರದಿ ಮೇಲ್‌ನಲ್ಲಿ ಹೋಗುತ್ತದೆ. ಕಳಿಸುವುದು ಪೋಸ್ಟ್‌ಫಿಕ್ಸ್. ಕ್ರಾನ್ ಓಡಿದ ಮಾತ್ರಕ್ಕೆ ವರದಿ ತಲುಪಿತು ಅಂತ ಹೇಳೋಕಾಗಲ್ಲ. ಅದಕ್ಕೇ 7:30ಕ್ಕೆ ಇನ್ನೊಂದು ಸ್ಕ್ರಿಪ್ಟ್ ಲಾಗ್ ಓದಿ, ಪಟ್ಟಿಯ ಒಂದೊಂದು ವಿಳಾಸಕ್ಕೂ ಏನಾಯಿತು ಅಂತ ಟೇಬಲ್‌ಗೆ ಬರೆಯುತ್ತದೆ. ಲಾಗ್‌ನಲ್ಲಿ ಸುಳಿವೇ ಇಲ್ಲದ ವಿಳಾಸವಿದ್ದರೆ ನನಗೆ ಮೊದಲು ಅಲರ್ಟ್ ಬರುವುದು ಅದಕ್ಕೇ. ಮೇಲ್ ಹೊರಟೇ ಇಲ್ಲ ಅಂದರೆ ಬೌನ್ಸ್ ಕೂಡ ಬರುವುದಿಲ್ಲ ಅಲ್ವಾ?

ಉಳಿದವು ಹೀಗೆ ಕಾಣುತ್ತವೆ:

```
dsn=2.0.0, status=sent
dsn=4.2.2, status=deferred
dsn=5.1.1, status=bounced
```

`sent` ಅಂದರೆ ಆ ಕಡೆಯ ಸರ್ವರ್ ಮೇಲ್ ತೆಗೆದುಕೊಂಡಿತು ಅಂತ ಅಷ್ಟೇ. ಸ್ಪ್ಯಾಮ್‌ಗೆ ಹೋಗಿರಬಹುದು, ಆಮೇಲೂ ಬೌನ್ಸ್ ಆಗಬಹುದು. `5.1.1` ಅಂದರೆ ಅಂಥ ವಿಳಾಸವೇ ಇಲ್ಲ. ಹೆಚ್ಚಾಗಿ ಆ ಮ್ಯಾನೇಜರ್ ಕೆಲಸ ಬಿಟ್ಟಿರುತ್ತಾರೆ. ಆ ವಿಳಾಸಕ್ಕೆ ಕಳಿಸುವುದನ್ನು ಅವತ್ತೇ ನಿಲ್ಲಿಸಿ, ಅವರ ಜಾಗಕ್ಕೆ ಯಾರು ಬಂದರು ಅಂತ ಪ್ರಾದೇಶಿಕ ಕಚೇರಿಗೆ ಕೇಳುತ್ತೇವೆ. ಆದರೆ 5ರಿಂದ ಶುರುವಾಗುವುದನ್ನೆಲ್ಲ ಪಟ್ಟಿಯಿಂದ ಕಿತ್ತುಹಾಕಬಾರದು. `5.7.1` ಬಂದರೆ ಆ ಕಡೆಯವರು ನಮ್ಮ ಮೇಲ್ ಅನ್ನು ನಿಯಮದ ಪ್ರಕಾರ ತಡೆದಿದ್ದಾರೆ ಅಂತ. ಆಗ ಮೊದಲು ನೋಡಬೇಕಾದ್ದು ನಮ್ಮದೇ ಎಸ್‌ಪಿಎಫ್, ಡಿಕಿಮ್.

`4.2.2`, ಅಂದರೆ ಮೇಲ್‌ಬಾಕ್ಸ್ ತುಂಬಿದ್ದು, ನಿಜಕ್ಕೂ ತಲೆನೋವು. ಪೋಸ್ಟ್‌ಫಿಕ್ಸ್ ಬಿಡದೆ ಪ್ರಯತ್ನಿಸುತ್ತದೆ, ಡೀಫಾಲ್ಟ್ ಆಗಿ 5 ದಿನ. ಒಬ್ಬ ಮ್ಯಾನೇಜರ್ ಗುರುವಾರ ಮೇಲ್‌ಬಾಕ್ಸ್ ಖಾಲಿ ಮಾಡಿದರು. ಸೋಮವಾರದ ವರದಿ ಆಗ ಬಂದು ಇನ್‌ಬಾಕ್ಸ್‌ನ ಮೇಲೆ ಕೂತಿತು. ಅದೇ ಇವತ್ತಿನದು ಅಂದುಕೊಂಡು ಅವರು ಸ್ಟಾಕ್ ಆರ್ಡರ್ ಹಾಕಿದರು. ಹಳೆಯ ದಿನವರದಿ ತಲುಪುವುದಕ್ಕಿಂತ ತಲುಪದಿರುವುದೇ ವಾಸಿ. ಈಗ ವರದಿಗಳಿಗೆ ಬೇರೆಯೇ ಪೋಸ್ಟ್‌ಫಿಕ್ಸ್ ಇನ್‌ಸ್ಟನ್ಸ್ ಇದೆ. ಅದರಲ್ಲಿ ಮಾತ್ರ ಹೀಗಿದೆ:

```
maximal_queue_lifetime = 12h
```

ವರದಿಯ ತಾರೀಖನ್ನು ಸಬ್ಜೆಕ್ಟ್‌ನಲ್ಲೂ ಹಾಕುತ್ತೇವೆ.

ಇನ್ನು, ತೆರೆಯದೇ ಬಿಡುವವರು. ಟ್ರ್ಯಾಕಿಂಗ್ ಚಿತ್ರವನ್ನು ನಾನು ನಂಬುವುದಿಲ್ಲ. ಆಪಲ್ ಮೇಲ್ 2021ರಿಂದ, ಪ್ರೈವಸಿ ಸೆಟ್ಟಿಂಗ್ ಆನ್ ಇದ್ದರೆ, ಯಾರೂ ತೆರೆಯದಿದ್ದರೂ ಚಿತ್ರಗಳನ್ನು ಮೊದಲೇ ತರಿಸಿಕೊಳ್ಳುತ್ತದೆ. ಚಿತ್ರ ಬ್ಲಾಕ್ ಮಾಡಿಟ್ಟವರು ದಿನಾ ಓದಿದರೂ ಲೆಕ್ಕಕ್ಕೆ ಸಿಗಲ್ಲ. ಅದಕ್ಕೇ ಮೂರು ತಿಂಗಳಿಗೊಮ್ಮೆ ವರದಿಯ ಮೇಲ್ಭಾಗದಲ್ಲೇ 'ಇದು ನಿಮಗೆ ಇನ್ನೂ ಬೇಕಾ?' ಅಂತ ಒಂದು ಲಿಂಕ್ ಇಡುತ್ತೇವೆ. ಕೆಲವು ಕಚೇರಿಗಳ ಸೆಕ್ಯುರಿಟಿ ಸ್ಕ್ಯಾನರ್ ಲಿಂಕ್‌ಗಳನ್ನು ತಾನೇ ತೆರೆದು ನೋಡುತ್ತದೆ. ಹಾಗಾಗಿ ಲಿಂಕ್ ತೆರೆದರೆ ಸಾಲದು, ಆ ಪುಟದಲ್ಲಿ 'ಬೇಕು' ಅನ್ನುವ ಬಟನ್ ಒತ್ತಿದರೆ ಮಾತ್ರ ಲೆಕ್ಕ. ಎರಡು ವಾರ ಉತ್ತರ ಬರದಿದ್ದರೆ ಸುಮ್ನೆ ಹೆಸರು ತೆಗೆಯುವುದಿಲ್ಲ, ಫೋನ್ ಮಾಡುತ್ತೇವೆ. ಎಷ್ಟೋ ಸಲ ಆ ಶಾಖೆಯಲ್ಲಿ ವರದಿ ನೋಡುವವರು ಅಕೌಂಟೆಂಟ್ ಆಗಿರುತ್ತಾರೆ, ಮ್ಯಾನೇಜರ್ ಅವರಿಗೆ ಫಾರ್ವರ್ಡ್ ಮಾಡುತ್ತಿರುತ್ತಾರೆ. ಆಗ ವಿಳಾಸ ಬದಲಿಸಿ ನೇರವಾಗಿ ಅವರಿಗೇ ಕಳಿಸುತ್ತೇವೆ.